ಬಾಕಿ ಕಾಮಗಾರಿಯ ಲೆಕ್ಕ: ಈಜಿಪುರ ಮೇಲ್ಸೇತುವೆಯ ಅಂದಾಜುಗಳನ್ನು ಓದುವ ಬಗೆ

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯವರಿಗೆ ಪರಿಷ್ಕೃತ ಅಂದಾಜು ಎಂಬುದು ಹೊಸದಲ್ಲ. ಭದ್ರಾ ಮೇಲ್ದಂಡೆ ಯೋಜನೆ 2003ರಲ್ಲಿ ಸುಮಾರು 2,813 ಕೋಟಿ ರೂಪಾಯಿಯದಾಗಿತ್ತು; 2008ರಲ್ಲಿ 5,985 ಕೋಟಿಯಾಯಿತು, ಆಮೇಲೆ 12,340 ಕೋಟಿ, ಕೊನೆಗೆ 21,473 ಕೋಟಿ. ಮೊತ್ತ ಗಾಬರಿ ಹುಟ್ಟಿಸಿದರೂ ಒಂದು ಅನುಕೂಲವಿದೆ: ಏರಿಕೆಯೆಲ್ಲ ಒಂದೇ ಯೋಜನೆಯ ಹೆಸರಿನಡಿ ಸಿಗುತ್ತದೆ. ಚಿತ್ರದುರ್ಗದಲ್ಲಿ ಕೂತು ಬರೆಯುವ ವರದಿಗಾರನೂ ನಾಲ್ಕು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು, ಭೂಸ್ವಾಧೀನಕ್ಕೆಷ್ಟು, ಹೊಸದಾಗಿ ಸೇರಿದ ಕೆಲಸಕ್ಕೆಷ್ಟು, ದರ ಏರಿಕೆಗೆಷ್ಟು ಎಂದು ಕೇಳಬಹುದು. ಬೆಂಗಳೂರಿನ ಈಜಿಪುರ ಮೇಲ್ಸೇತುವೆಯಲ್ಲಿ ಹೀಗೆ ಕೇಳುವುದು ಕಷ್ಟ. ಅಲ್ಲಿ ಸರಪಳಿಯೇ ನಡುವೆ ತುಂಡಾಗಿದೆ.

ಈಜಿಪುರ ಜಂಕ್ಷನ್‌ನಿಂದ ಕೋರಮಂಗಲದ ಕೇಂದ್ರೀಯ ಸದನದವರೆಗೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಈ ಕಾಮಗಾರಿಯನ್ನು ಬಿಬಿಎಂಪಿ 2017ರಲ್ಲಿ ಆರಂಭಿಸಿತು. ವೆಚ್ಚ ಸುಮಾರು 203 ಕೋಟಿ. ಮುಗಿಯಬೇಕಿದ್ದುದು 2019ರ ನವೆಂಬರ್‌ಗೆ. ಕೆಲಸ ಅರ್ಧವೂ ಆಗದೆ ನಿಂತಿತು. 2022ರ ಮಾರ್ಚ್‌ನಲ್ಲಿ ಗುತ್ತಿಗೆ ರದ್ದಾಯಿತು. ಮರುಟೆಂಡರ್‌ಗಳು ಎಡವುತ್ತ ಸಾಗಿ, 2023ರ ಕೊನೆಗೆ ಬಾಕಿ ಕೆಲಸವನ್ನು ಸುಮಾರು 176 ಕೋಟಿಗೆ ಮತ್ತೊಂದು ಸಂಸ್ಥೆಗೆ ವಹಿಸಲಾಯಿತು. 2025ರ ಮಧ್ಯಕ್ಕೂ ವಾಹನ ಓಡಲಿಲ್ಲ.

ಇಲ್ಲಿ ಅವಸರದ ವರದಿ ಎಡವುವ ಜಾಗ ಒಂದಿದೆ. 203ಕ್ಕಿಂತ 176 ಕಡಿಮೆಯಾದ್ದರಿಂದ ಉಳಿತಾಯವಾದಂತೆ ಕಾಣುತ್ತದೆ. ಎರಡನ್ನೂ ಕೂಡಿಸಿ 379 ಕೋಟಿ ಎಂದರೆ ಮಾಡದ ಕೆಲಸಕ್ಕೂ ಹಣ ಹೋದಂತಾಗುತ್ತದೆ. ಎರಡೂ ತಪ್ಪು. ಹೋಲಿಸಬೇಕಾದ್ದು ಬಾಕಿ ಕೆಲಸದ ಹಳೆಯ ಬೆಲೆಯನ್ನು ಅದೇ ಕೆಲಸದ ಹೊಸ ಬೆಲೆಯೊಂದಿಗೆ. ಗುತ್ತಿಗೆ ರದ್ದಾದಾಗ ಸುಮಾರು 42 ಶೇಕಡ ಕೆಲಸ ಆಗಿತ್ತು ಎಂದು ಹಿಡಿದರೆ, ಉಳಿದ 58 ಶೇಕಡದ ಹಳೆಯ ಬೆಲೆ ಸುಮಾರು 118 ಕೋಟಿ. ಅದಕ್ಕೀಗ 176 ಕೋಟಿ. ಅಂದರೆ 58 ಕೋಟಿ, ಹತ್ತಿರಹತ್ತಿರ ಅರ್ಧದಷ್ಟು ಏರಿಕೆ.

ಈ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 203 ಕೋಟಿಯಲ್ಲಿ ಕೊಳವೆ, ಕೇಬಲ್ ಸ್ಥಳಾಂತರದಂಥ ಬಾಬ್ತುಗಳೂ ಸೇರಿದ್ದರೆ ಕಟ್ಟುವ ಕೆಲಸದ ಹಳೆಯ ಬೆಲೆ ಇನ್ನೂ ಕಡಿಮೆ, ಏರಿಕೆ ಇನ್ನೂ ಹೆಚ್ಚು. ಶೇಕಡ 42 ಎನ್ನುವುದು ಭೌತಿಕ ಪ್ರಗತಿಯೋ ಪಾವತಿಯಾದ ಬಿಲ್ಲಿನ ಪ್ರಮಾಣವೋ ಎಂಬುದೂ ಮುಖ್ಯ. ಕಂಬಗಳೆದ್ದ ಮೇಲೆ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಸೆಗ್ಮೆಂಟುಗಳನ್ನು ಎತ್ತಿ ಜೋಡಿಸುವ ಹಂತ ಬರುತ್ತದೆ. ಉಳಿದದ್ದು ಬಹುಪಾಲು ಆ ದುಬಾರಿ ಹಂತವೇ ಆಗಿದ್ದರೆ 118 ಕೋಟಿ ಎಂಬ ಅಂಕಿಯನ್ನು ಮೇಲಕ್ಕೆ ತಿದ್ದಬೇಕಾಗುತ್ತದೆ. ಇದಕ್ಕೆ ಉತ್ತರ ಪತ್ರಿಕಾಗೋಷ್ಠಿಯಲ್ಲಿ ಸಿಗದು. ಅಳತೆ ಪುಸ್ತಕ ಮತ್ತು ಕೊನೆಯ ರನ್ನಿಂಗ್ ಬಿಲ್ಲನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬೇಕು.

ಇನ್ನು ಕಾರಣಗಳು. ಜಾಗ ಸಿಗಲಿಲ್ಲ, ಮರ ಕಡಿಯಲು ಅನುಮತಿ ತಡವಾಯಿತು, ಗುತ್ತಿಗೆದಾರ ನಿಧಾನಿಸಿದ, ಬಿಲ್ ಪಾವತಿಯಾಗಲಿಲ್ಲ, ಕೋವಿಡ್ ಬಂತು: ಇಂಥ ಕಾಮಗಾರಿಗಳಲ್ಲಿ ಕೇಳಿಬರುವ ಪಟ್ಟಿ ಇದು. ಪ್ರತಿ ಕಾರಣಕ್ಕೂ ಒಂದು ದಿನಾಂಕ, ಒಂದು ಮೊತ್ತ ಕೇಳಿದರೆ ಪಟ್ಟಿ ತಾನೇ ಸಣ್ಣದಾಗುತ್ತದೆ. ಲಾಕ್‌ಡೌನ್ ಬಂದದ್ದು 2020ರ ಮಾರ್ಚ್‌ನಲ್ಲಿ, ಮೂಲ ಗಡುವು ಮುಗಿದು ನಾಲ್ಕು ತಿಂಗಳಾದ ಮೇಲೆ. ಆಮೇಲಿನ ವಿಳಂಬಕ್ಕೆ ಅದನ್ನು ಹೇಳಬಹುದು, ಮೊದಲ ಗಡುವು ತಪ್ಪಿದ್ದಕ್ಕೆ ಹೇಳಲಾಗದು. ತೆರಿಗೆಯನ್ನೂ ಹೀಗೇ ತೂಗಬಹುದು. ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈನಲ್ಲಿ 12ರಿಂದ 18 ಶೇಕಡಕ್ಕೆ ಏರಿತು. ಎರಡೂ ಮೊತ್ತದಲ್ಲಿ ತೆರಿಗೆ ಸೇರಿದೆ ಎಂದುಕೊಂಡರೂ 118 ಕೋಟಿಯ ಕೆಲಸಕ್ಕೆ ಇದರಿಂದ ಹೆಚ್ಚುವುದು ಸುಮಾರು 6 ಕೋಟಿ ಮಾತ್ರ. ಉಳಿದ 52 ಕೋಟಿಗೆ ಸಿಮೆಂಟ್–ಕಬ್ಬಿಣದ ದರ, ಹೊಸ ದರಪಟ್ಟಿ, ಅಂದಾಜಿಗಿಂತ ಮೇಲೆ ಕೂಗಿದ ಟೆಂಡರ್ ಪ್ರೀಮಿಯಂ ಇವುಗಳಲ್ಲಿ ಯಾವುದು ಎಷ್ಟು ಎಂದು ಬಿಡಿಸಿ ಹೇಳಬೇಕಾದವರು ಎಂಜಿನಿಯರುಗಳು. 'ದರ ಏರಿಕೆ' ಎಂದು ಒಂದೇ ಸಾಲಿನಲ್ಲಿ ಮುಗಿಸುವ ಟಿಪ್ಪಣಿ ನನ್ನ ದೃಷ್ಟಿಯಲ್ಲಿ ಉತ್ತರವೇ ಅಲ್ಲ.

ದರ ಏರಿದ್ದು ಕೆಲಸ ತಡವಾದ್ದರಿಂದಲೇ ಎಂಬುದನ್ನೂ ಮರೆಯಬಾರದು. 2019ರೊಳಗೆ ಮುಗಿದಿದ್ದರೆ 2022ರ ತೆರಿಗೆಯಾಗಲಿ ದರಪಟ್ಟಿಯಾಗಲಿ ಈ ಸೇತುವೆಯನ್ನು ಮುಟ್ಟುತ್ತಿರಲಿಲ್ಲ. ಹಾಗಾಗಿ ವಿಳಂಬದ ಹೊಣೆ ಯಾರದೆಂದು ತೀರ್ಮಾನವಾಗದೆ ಹೆಚ್ಚುವರಿ ವೆಚ್ಚದ ಹೊಣೆ ತೀರ್ಮಾನವಾಗದು. ಗುತ್ತಿಗೆಯನ್ನು ಅರ್ಧಕ್ಕೆ ರದ್ದುಪಡಿಸಿದಾಗ, ಬಾಕಿ ಕೆಲಸಕ್ಕೆ ತಗಲುವ ಹೆಚ್ಚಿನ ಹಣವನ್ನು ಹಳೆಯ ಗುತ್ತಿಗೆದಾರನಿಂದಲೇ ವಸೂಲು ಮಾಡುವ 'ರಿಸ್ಕ್ ಅಂಡ್ ಕಾಸ್ಟ್' ಷರತ್ತು ಸಾಮಾನ್ಯವಾಗಿ ಕರಾರಿನಲ್ಲಿರುತ್ತದೆ. ಅದನ್ನು ಚಲಾಯಿಸಿ ನೋಟಿಸು ಹೋಗಿದೆಯೆ, ಭದ್ರತಾ ಠೇವಣಿ ಮುಟ್ಟುಗೋಲಾಗಿದೆಯೆ, ವಿಷಯ ಪಂಚಾಯ್ತಿದಾರರ ಮುಂದಿದೆಯೆ ಎಂದು ನೋಡಬೇಕಾದ್ದು ಹೊಸ ಟೆಂಡರಿನ ಕಡತದಲ್ಲಲ್ಲ, ಮುಚ್ಚಿದ ಹಳೆಯ ಕಡತದಲ್ಲಿ.