‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’: ಕಾಣದ ನೊಗದ ಅರ್ಥ

ಇಬ್ಬರ ಅಭಿಪ್ರಾಯ ಬೇರೆಯಾದಲ್ಲೆಲ್ಲ ಈ ಗಾದೆಯನ್ನು ಬಳಸುವುದು ಈಗ ರೂಢಿ. ಚುನಾವಣೆಯ ಎದುರಾಳಿಗಳಿಗೂ ಇದನ್ನು ಅಂಟಿಸುತ್ತಾರೆ. ಅದು ಸಡಿಲವಾದ ಬಳಕೆ ಎಂಬುದು ನನ್ನ ವಾದ. ಗಾದೆಯಲ್ಲಿ ಹೆಸರಿಲ್ಲದೆ ಕೂತಿರುವ ಒಂದು ವಸ್ತುವಿದೆ, ಅದು ನೊಗ. ಬಿಡುಬೀಸಾಗಿ ಮೇಯುವ ಎತ್ತು, ಕೋಣಗಳು ಯಾವ ದಿಕ್ಕಿಗೆ ಹೋದರೂ ಯಾರಿಗೂ ನಷ್ಟವಿಲ್ಲ. ‘ಎಳೆ’ ಎಂಬ ಕ್ರಿಯಾಪದಕ್ಕೆ ಹುರುಳು ಬರುವುದು ಎರಡರ ಹೆಗಲೂ ಒಂದೇ ಮರಕ್ಕೆ ಸಿಕ್ಕಿಬಿದ್ದಾಗ.

‘ಏರಿ’ಯನ್ನು ಬರಿಯ ದಿಬ್ಬ ಎಂದು ಓದುವವರಿದ್ದಾರೆ. ಪಕ್ಕದಲ್ಲೇ ‘ನೀರು’ ಇರುವುದರಿಂದ ಕೆರೆಯ ಏರಿ ಎಂದು ಓದುವುದೇ ಮೇಲು. ಆಗ ಒಣನೆಲವೂ ನೀರೂ ಕೂಗಳತೆಯಲ್ಲೇ ಬರುತ್ತವೆ, ಸೆಳೆತ ತಕ್ಷಣದ್ದಾಗುತ್ತದೆ. ಕೋಣದ ಒಲವು ಹಟವಲ್ಲ. ಅದರ ಚರ್ಮದಲ್ಲಿ ಬೆವರಿನ ಗ್ರಂಥಿಗಳು ದನಕ್ಕಿಂತ ಬಹಳ ಕಡಿಮೆ; ಕಪ್ಪು ಮೈ ಬಿಸಿಲಿಗೆ ಬೇಗ ಕಾಯುತ್ತದೆ; ನೀರಿಗಿಳಿಯದೆ ಅದಕ್ಕೆ ತಂಪಿಲ್ಲ. ಎತ್ತಿಗೆ ಆ ಪಾಡಿಲ್ಲ. ಹಾಗಾಗಿ ಇಲ್ಲಿ ತಪ್ಪಿತಸ್ಥರಿಲ್ಲ. ತಪ್ಪೇನಾದರೂ ಇದ್ದರೆ ಜೋಡಿ ಕಟ್ಟಿದವನದು.

‘ಎಳೆದರೆ’ ಎಂಬ ರೂಪವೂ ದಾರಿ ತಪ್ಪಿಸುತ್ತದೆ. ‘ಮಳೆ ಬಂದರೆ ಬೆಳೆ’ ಎನ್ನುವಲ್ಲಿನ ಷರತ್ತು ಇಲ್ಲಿಲ್ಲ. ‘ಅಣ್ಣ ಓದಿದರೆ ತಮ್ಮ ಆಡಿದ’ ಎನ್ನುವಾಗಿನಂತೆ ಇದು ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸುವ ‘-ಅರೆ’. ಕೋಣ ಎತ್ತಿನ ಮೇಲಿನ ಸೇಡಿಗೆ ಎಳೆಯುತ್ತಿಲ್ಲ. ಆದ್ದರಿಂದ ಬೇಕೆಂದೇ ಅಡ್ಡಗಾಲು ಹಾಕುವವರಿಗೆ ಈ ಮಾತು ಒಪ್ಪುವುದಿಲ್ಲ. ‘ಏರಿಗೆ–ನೀರಿಗೆ’ ಎಂಬ ಪ್ರಾಸ ಎಷ್ಟು ಬಿಗಿಯೆಂದರೆ, ಮಾತಿನಲ್ಲಿ ಕ್ರಿಯಾಪದ ಬಿಟ್ಟು ‘ಎತ್ತು ಏರಿಗೆ, ಕೋಣ ನೀರಿಗೆ’ ಎಂದರೂ ಸಾಕು.

ಒಂದು ಸನ್ನಿವೇಶ ಊಹಿಸೋಣ. ಅವಿಭಕ್ತ ಕುಟುಂಬದ ಎರಡೆಕರೆ ಅಡಿಕೆ ತೋಟ. ಕೈಯಲ್ಲಿರುವ ಹಣ ಒಂದೇ ಕೆಲಸಕ್ಕಾಗುವಷ್ಟು. ಸಾಲಕ್ಕೆ ಹೆದರುವ ಅಣ್ಣನಿಗೆ ಹಳೆಯ ಕೈಸಾಲ ತೀರಬೇಕು. ಬೇಸಿಗೆಯಲ್ಲಿ ಸಸಿ ಒಣಗುವುದನ್ನು ದಿನವೂ ನೋಡುವ ತಮ್ಮನಿಗೆ ಕೊಳವೆಬಾವಿ ಬೇಕು. ಇಬ್ಬರಿಗೂ ತೋಟ ಉಳಿಯಬೇಕು, ಹಣ ಮಾತ್ರ ಬ್ಯಾಂಕಿನಲ್ಲೇ ಕೂತಿದೆ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನೋ ಹಾಗಾಯ್ತು ನಮ್ಮನೆ ಕತೆ’ ಎಂದು ಅವರ ತಾಯಿ ಹೇಳಿದರೆ ಗಾದೆ ಸರಿಯಾದ ಜಾಗಕ್ಕೆ ಬಿತ್ತು. ಮರುವರ್ಷ ಹಿಸ್ಸೆಯಾಗಿ ಒಬ್ಬ ಸಾಲ ತೀರಿಸಿ, ಇನ್ನೊಬ್ಬ ಬಾವಿ ಕೊರೆಸಿದರೆ ಅದೇ ಮಾತು ಸಲ್ಲದು: ಭಿನ್ನಾಭಿಪ್ರಾಯ ಉಳಿದಿದೆ, ನೊಗ ಕಳಚಿದೆ.

ತಾಯಿ ‘ನಮ್ಮನೆ ಕತೆ’ ಎಂದದ್ದರಲ್ಲೂ ಜಾಣತನವಿದೆ. ಕನ್ನಡದಲ್ಲಿ ‘ಕೋಣ’ ಬೈಗುಳವೂ ಹೌದು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಗಾದೆ ಹೇಳಿದರೆ, ತೋಟದ ಮಾತು ಬಿಟ್ಟು ಕೋಣ ಯಾರೆಂಬ ಜಗಳ ಶುರುವಾಗುತ್ತದೆ.