‘ಜಾಮೀನು ರಹಿತ’ ಅಂದ್ರೆ ಜಾಮೀನು ಸಿಗೋದೇ ಇಲ್ಲ ಅಂತಲ್ಲ: ಎಫ್‌ಐಆರ್, ರಿಮಾಂಡ್, ಸಮನ್ಸ್ ಪದಗಳ ಸರಳ ವಿವರ

ಕುಂದಾಪುರ: ಮನೆಯ ಹುಡುಗನನ್ನು ಪೊಲೀಸರು ಕರ್ಕೊಂಡು ಹೋದ್ರು ಅಂದಾಗ ಮನೆಯವರಿಗೆ ಅರ್ಧ ಭಯ ಹುಟ್ಟುವುದು ಗೊತ್ತಿಲ್ಲದ ಪದಗಳಿಂದ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೈಂದೂರು ಕಡೆಯ ಹುಡುಗನೊಬ್ಬ ಜಗಳದಲ್ಲಿ ಕತ್ತಿ ಬೀಸಿ ಒಬ್ಬರಿಗೆ ಗಾಯ ಮಾಡಿದ ಅಂತ ದೂರು. ಶನಿವಾರ ಸಂಜೆ 6ಕ್ಕೆ ಬಂಧನ ಆಯ್ತು ಅಂದುಕೊಳ್ಳಿ.

ಎಫ್‌ಐಆರ್: ದೂರು ಬಂದಾಗ ಠಾಣೆಯಲ್ಲಿ ದಾಖಲಾಗುವ ಮೊದಲ ವರದಿ. ಇದು ತೀರ್ಪಲ್ಲ, ತನಿಖೆಯ ಆರಂಭ ಅಷ್ಟೇ. ಮೊದಲು ಕೇಳಬೇಕಾದ್ದು ಅಪರಾಧ ಸಂಖ್ಯೆ ಮತ್ತು ಸೆಕ್ಷನ್. ಇಲ್ಲಿ ಭಾರತೀಯ ನ್ಯಾಯ ಸಂಹಿತೆಯ 118(1), ಅಂದ್ರೆ ಆಯುಧದಿಂದ ಗಾಯ. 3 ವರ್ಷದವರೆಗೆ ಶಿಕ್ಷೆ ಇದೆ, ಜಾಮೀನು ರಹಿತ.

ರಿಮಾಂಡ್: ಬಂಧಿಸಿದವರನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಭಾನುವಾರ ಕೋರ್ಟ್ ರಜೆ ಅಂತ ಸೋಮವಾರದವರೆಗೆ ಕಾಯುವಂತಿಲ್ಲ, ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ. ಅವರು ಕಸ್ಟಡಿಗೆ ಕೊಡುವ ಆದೇಶವೇ ರಿಮಾಂಡ್. ‘ಪೊಲೀಸ್ ಕಸ್ಟಡಿ’ ಅಂದ್ರೆ ವಿಚಾರಣೆಗೆ ಮತ್ತೆ ಪೊಲೀಸರ ವಶಕ್ಕೆ. ಅದು ಒಟ್ಟು 15 ದಿನ ಮೀರುವಂತಿಲ್ಲ. ‘ನ್ಯಾಯಾಂಗ ಬಂಧನ’ ಅಂದ್ರೆ ಜೈಲಿಗೆ. ನಮ್ಮ ಜಿಲ್ಲೆಯ ಕಾರಾಗೃಹ ಇರುವುದು ಹಿರಿಯಡ್ಕದಲ್ಲಿ.

ಜಾಮೀನು: ಇಲ್ಲೇ ಹೆಚ್ಚಿನವರು ಗಾಬರಿ ಬೀಳೋದು. ಜಾಮೀನು ಸಿಗುವ ಅಪರಾಧ ಆದ್ರೆ ಅದು ಹಕ್ಕು, ಠಾಣೆಯಲ್ಲೇ ಬಿಡಬೇಕು. ‘ಜಾಮೀನು ರಹಿತ’ ಅಂದ್ರೆ ಹಕ್ಕಾಗಿ ಕೇಳೋಕಾಗಲ್ಲ, ವಕೀಲರು ಅರ್ಜಿ ಹಾಕ್ತಾರೆ, ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟದ್ದು. ಈ ಹುಡುಗನಿಗೂ ಅರ್ಜಿ ಹಾಕಬಹುದು. ತಿರಸ್ಕಾರ ಆದ್ರೆ ಮೇಲಿನ ಕೋರ್ಟಿದೆ. ಇನ್ನೊಂದು ದಾರಿಯೂ ಇದೆ. ಇಂಥ ಕೇಸಲ್ಲಿ ರಿಮಾಂಡ್ ಆಗಿ 60 ದಿನ ಕಳೆದರೂ ಚಾರ್ಜ್‌ಶೀಟ್ ಬಾರದಿದ್ರೆ ಜಾಮೀನು ಹಕ್ಕಾಗುತ್ತೆ. ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಿರಬೇಕು. ಹಾಗಾಗಿ ರಿಮಾಂಡ್ ಆದ ದಿನಾಂಕ ಬರೆದಿಟ್ಟುಕೊಳ್ಳಿ.

ಜಾಮೀನು ಆದಾಗ ಕೋರ್ಟ್ ಸಾಮಾನ್ಯವಾಗಿ ಜಾಮೀನುದಾರರನ್ನು ಕೇಳುತ್ತೆ. ಆಧಾರ್, ಫೋಟೋ, ಪಹಣಿಯಂಥ ಆಸ್ತಿ ದಾಖಲೆ ಬೇಕಾಗುತ್ತೆ. ಯಾರದ್ದೋ ಮುಲಾಜಿಗೆ ಸಹಿ ಹಾಕುವ ಅಂಗಡಿಯವರು ಗಮನಿಸಿ: ಆರೋಪಿ ತಪ್ಪಿಸಿಕೊಂಡ್ರೆ ಬಾಂಡ್‌ನ ಹಣ ಕಟ್ಟಬೇಕಾದವರು ನೀವು.

ಸಮನ್ಸ್: ಇಂಥ ದಿನ ಕೋರ್ಟಿಗೆ ಬನ್ನಿ ಅನ್ನುವ ಆದೇಶ. ಸಾಕ್ಷಿಗೂ ಬರುತ್ತೆ, ಆದ್ದರಿಂದ ಸಮನ್ಸ್ ಬಂದ ಮಾತ್ರಕ್ಕೆ ನೀವು ಆರೋಪಿ ಅಲ್ಲ. ಹೋಗದೇ ಇದ್ರೆ ಮುಂದಿನದು ವಾರಂಟ್, ಆಗ ಪೊಲೀಸರೇ ಕರ್ಕೊಂಡು ಹೋಗ್ತಾರೆ. ಠಾಣೆಯಿಂದ ಬರುವ ನೋಟಿಸ್ ಬೇರೆ, ಅದು ತನಿಖೆಗೆ ಹಾಜರಾಗಲು. ಅದನ್ನೂ ತಪ್ಪಿಸಬೇಡಿ, ತಪ್ಪಿಸಿದ್ರೆ ಬಂಧನಕ್ಕೆ ಕಾರಣ ಆಗಬಹುದು.

ವಕೀಲರನ್ನು ಇಡಲು ಹಣ ಇಲ್ಲದಿದ್ರೆ ಕೋರ್ಟ್ ಆವರಣದ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ.