ಒಮ್ಮೆ ಅನುವಾದಿಸಿದ ಸಾಲಿಗೆ ಎರಡನೇ ಸಲ ಎಷ್ಟು ದುಡ್ಡು?

ಟ್ರಾನ್ಸ್‌ಲೇಶನ್ ಮೆಮೊರಿ ಅಂದರೆ ಇಷ್ಟೇ: ನೀವು ಅನುವಾದಿಸಿದ ಪ್ರತಿ ವಾಕ್ಯವನ್ನೂ ಮೂಲದ ಜೊತೆ ಜೋಡಿಯಾಗಿ ಎತ್ತಿಡುವ ಡೇಟಾಬೇಸ್. ಮುಂದೆ ಅದೇ ವಾಕ್ಯ ಬಂದರೆ ಹಳೆಯದನ್ನು ತಂದು ಕೊಡುತ್ತೆ. ಹೆಚ್ಚುಕಮ್ಮಿ ಅಂಥದ್ದೇ ಬಂದರೆ, ಅದು ಫಜ್ಜಿ ಮ್ಯಾಚ್.

ಈ ಯೋಚನೆಯನ್ನು 1978ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಮುಂದಿಟ್ಟವರು ಪೀಟರ್ ಆರ್ಥರ್ನ್. ಅವರು ಯುರೋಪಿಯನ್ ಸಮುದಾಯಗಳ ಕೌನ್ಸಿಲ್‌ನಲ್ಲಿ ಅನುವಾದದ ಕೆಲಸದಲ್ಲಿದ್ದವರು. ಅಲ್ಲಿನ ಕಡತಗಳಲ್ಲಿ ಹಳೇ ಸಾಲುಗಳೇ ಮತ್ತೆ ಮತ್ತೆ ಬರುತ್ತಿದ್ದವು. ಅನುವಾದಕರು ಸಂಬಳದ ನೌಕರರು. ಹಾಗಾಗಿ ಉಳಿದದ್ದು ಅವರ ಶ್ರಮ, ಯಾರ ಜೇಬಿಗೂ ಕತ್ತರಿ ಬೀಳಲಿಲ್ಲ.

1984ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಟ್ರಾಡೋಸ್ ಕಂಪನಿ ಶುರುವಾಯಿತು. 90ರ ದಶಕದಲ್ಲಿ ಅದರ ವರ್ಕ್‌ಬೆಂಚ್ ಏಜೆನ್ಸಿಗಳಿಗೂ ಫ್ರೀಲಾನ್ಸರುಗಳಿಗೂ ತಲುಪಿತು. ಕಥೆ ತಿರುಗಿದ್ದು ಇಲ್ಲೇ. ಫೈಲ್ ಕೊಟ್ಟರೆ ಎಷ್ಟು ಪದ ಹೊಸದು, ಎಷ್ಟು ಫಜ್ಜಿ, ಎಷ್ಟು ಪುನರಾವರ್ತನೆ ಅಂತ ಕೆಲಸಕ್ಕೆ ಮೊದಲೇ ಪಟ್ಟಿ ಕೈಗೆ ಬರುತ್ತೆ. ಪದಕ್ಕಿಷ್ಟು ಅಂತ ಕೂಲಿ ಪಡೆಯುವವರಿಗೆ ಆ ಪಟ್ಟಿಯೇ ರಿಯಾಯಿತಿಯ ಪಟ್ಟಿಯಾಯಿತು.

ಒಂದು ಲೆಕ್ಕ ನೋಡೋಣ. 10,000 ಪದದ ಕೈಪಿಡಿ, ಪದಕ್ಕೆ 1 ರೂಪಾಯಿ. ಹೊಸದು 4,000 ಪದ, ಪೂರ್ತಿ ದರ: 4,000 ರೂ. ಫಜ್ಜಿ 3,000 ಪದ, 60% ದರ: 1,800 ರೂ. ಪುನರಾವರ್ತನೆ 3,000 ಪದ, 30% ದರ: 900 ರೂ. ಒಟ್ಟು 6,700. ಕೆಲಸವೂ ಅಷ್ಟೇ ಕಡಿಮೆಯಾದರೆ ತಕರಾರಿಲ್ಲ. ಆಗುತ್ತಾ?

ಸಾಫ್ಟ್‌ವೇರಿನವನಾಗಿ ನನಗೆ ಕುತೂಹಲ ಹುಟ್ಟಿಸಿದ್ದು ಆ ಶೇಕಡಾವಾರು. ಅದನ್ನು ಅಳೆಯುವುದು ಮೂಲ ಭಾಷೆಯಲ್ಲಿ ಮಾತ್ರ. 'ಪ್ರೆಸ್ ದಿ ಬಟನ್ ಬಿಫೋರ್ ಓಪನಿಂಗ್ ದಿ ಕವರ್' ಅನ್ನುವುದರಲ್ಲಿ 'ಬಿಫೋರ್' ಹೋಗಿ 'ಆಫ್ಟರ್' ಬಂತು ಅನ್ನಿ. ಏಳರಲ್ಲಿ ಒಂದು ಪದ ಬದಲು. ಪದ ಎಣಿಸಿದರೆ ಸುಮಾರು 86% ಹೋಲಿಕೆ. ಕನ್ನಡದಲ್ಲಿ? 'ಮುಚ್ಚಳ ತೆರೆಯುವ ಮೊದಲು ಗುಂಡಿ ಒತ್ತಿ' ಇದ್ದದ್ದು 'ಮುಚ್ಚಳ ತೆರೆದ ಮೇಲೆ ಗುಂಡಿ ಒತ್ತಿ' ಆಗಬೇಕು. ಐದರಲ್ಲಿ ಎರಡು ಪದ ಬದಲು. ಅರ್ಥವಂತೂ ತಿರುಗುಮುರುಗು. ಕಣ್ಣು ತಪ್ಪಿ ಹಳೆಯದನ್ನೇ ಒಪ್ಪಿಕೊಂಡರೆ ಯಂತ್ರದ ಮುಂದೆ ನಿಂತವನ ಕೈಗೇ ಅಪಾಯ.

ಪುನರಾವರ್ತನೆಯೂ ಪುಕ್ಕಟೆಯಲ್ಲ. ಒಂದೇ ಪದಕ್ಕೆ ಕೈಪಿಡಿಯುದ್ದಕ್ಕೂ ಒಂದೇ ಅನುವಾದ ಇರುವುದು ಈ ಮೆಮೊರಿಯ ದೊಡ್ಡ ಲಾಭ, ನಿಜ. ಆದರೆ 'ಓಪನ್' ಅನ್ನುವುದು ಗುಂಡಿಯ ಮೇಲಿದ್ದರೆ 'ತೆರೆಯಿರಿ', ಸ್ಥಿತಿ ತೋರಿಸುವ ಜಾಗದಲ್ಲಿದ್ದರೆ 'ತೆರೆದಿದೆ'. ಟೂಲಿಗೆ ಎರಡೂ ಒಂದೇ. ಮೊದಲನೆಯದನ್ನೇ ಎಲ್ಲೆಡೆ ತುಂಬಿಬಿಡುತ್ತೆ. ಅದಕ್ಕೇ ನಂತರದ ಟೂಲುಗಳಲ್ಲಿ ಹಿಂದುಮುಂದಿನ ಸಾಲುಗಳನ್ನೂ ಹೋಲಿಸುವ ಕಾಂಟೆಕ್ಸ್ಟ್ ಮ್ಯಾಚ್ ಬಂತು. ಆದರೂ ಮನುಷ್ಯ ಓದಲೇಬೇಕು. ಆ 30% ದರ ಓದುವ ಕೂಲಿಯೇ ಹೊರತು ಔದಾರ್ಯವಲ್ಲ.

ದರ ಒಪ್ಪುವ ಮೊದಲು ಆ ಪಟ್ಟಿ ಕೇಳಿ. 75%ರ ಆಸುಪಾಸಿನ ಫಜ್ಜಿಯನ್ನು 95%ರ ಜೊತೆ ಒಂದೇ ದರಕ್ಕೆ ಸೇರಿಸಿದ್ದರೆ ಬೇರೆ ಮಾಡಿಸಿ. ಇಂಥ ಹತ್ತು ಸಾಲು ತಿದ್ದಿ, ಹತ್ತು ಸಾಲು ಹೊಸದಾಗಿ ಬರೆದು, ಗಡಿಯಾರ ನೋಡಿ. ಚೌಕಾಸಿಗೆ ಕೂರುವಾಗ ನಿಮ್ಮ ಕೈಲಿರಬೇಕಾದ ಲೆಕ್ಕ ಅದೇ.